ಅಜ್ಜನವರ ಮೂರು ವಸ್ತುಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಅಜ್ಜನವರಿಗೆ ಎಂಬತ್ತು ತುಂಬಿದ ದಿನ ಬಂಧುಗಳ ಮುಂದೆ ಒಂದು ಬರಹವನ್ನು ಓದಿದಳು. ಹೊಗಳಿಕೆಯ ಮಾತು ಅದರಲ್ಲಿ ಇರಲಿಲ್ಲ. ಅಟ್ಟದಲ್ಲಿಯೂ ಕೊಟ್ಟಿಗೆಯಲ್ಲಿಯೂ ದೊರೆತ ಮೂರು ವಸ್ತುಗಳನ್ನು ಮುಂದಿಟ್ಟುಕೊಂಡು ಕಾಸರಗೋಡಿನ ಒಳನಾಡಿನ ಆ ಅಡಿಕೆ ಕೃಷಿಕರ ಬಾಳನ್ನು ಅವಳು ನಿರೂಪಿಸಿದ್ದಳು. ಅದರ ಸಾರವನ್ನು ಓದುಗರಿಗೆ ತಿಳಿಸುತ್ತಿದ್ದೇನೆ.

ಮೊದಲನೆಯದು ಶಾಲೆಯ ಕಾಗದಗಳ ಕಟ್ಟು. 1945ರಲ್ಲಿ ಜನಿಸಿದ ಅಜ್ಜನವರ ಆರಂಭದ ಪತ್ರಗಳಲ್ಲಿ ಮದ್ರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೆಂದಿದೆ; 1956ರ ನವೆಂಬರ್ 1ರ ಬಳಿಕದವುಗಳಲ್ಲಿ ಕೇರಳವೆಂದಿದೆ. 1984ರಲ್ಲಿ ಕಾಸರಗೋಡು ಜಿಲ್ಲೆಯಾದಾಗ ವಿಳಾಸ ಮತ್ತೊಮ್ಮೆ ಬದಲಾಯಿತು. “ಅಜ್ಜ ಮನೆಬಿಟ್ಟು ಕದಲಲಿಲ್ಲ, ಊರೇ ಅವರ ಸುತ್ತ ಅಲೆಯಿತು” ಎಂದು ಬರೆದಿದ್ದಳು, ಜಾಣೆ.

ಎರಡನೆಯದು ಮೋಟು ಹಿಡಿಯ, ಮೊನೆ ಸವೆದ ಪಿಕ್ಕಾಸು. ಹಿಡಿ ಗಿಡ್ಡವಾಗಿರುವುದು ಸುರಂಗಕ್ಕಾಗಿ. ಬೇಸಗೆಯಲ್ಲಿ ತೋಟ ಒಣಗುವ ನಮ್ಮ ಕಡೆ ಗುಡ್ಡದ ಬದಿಯನ್ನು ಅಡ್ಡಲಾಗಿ ಕೊರೆದು ನೀರನ್ನು ಹೊರತರುವುದು ಹಳೆಯ ವಾಡಿಕೆ. ಒಬ್ಬನು ನುಸುಳುವಷ್ಟೇ ಅಗಲ, ಆಳೆತ್ತರ. ಮುರಕಲ್ಲಿನ ಗುಡ್ಡವಾದರೆ ಆಧಾರವಿಲ್ಲದೆ ನಿಲ್ಲುತ್ತದೆ; ಕಲ್ಲು ಮುಗಿದು ಜೇಡಿಮಣ್ಣು ಸಿಕ್ಕಿದರೆ ಮಾಡು ಕುಸಿಯುವ ಭಯ. ಒಳಗೆ ದೀಪವಿಟ್ಟುಕೊಂಡೇ ಅಗೆಯಬೇಕು. ಅದು ಬೆಳಕಿಗೆ ಮಾತ್ರವಲ್ಲ; ದೀಪ ಮಂಕಾದರೆ ಉಸಿರಾಡುವ ಗಾಳಿ ಸಾಲದೆಂದು ತಿಳಿದು ಕೂಡಲೆ ಹೊರಬರಬೇಕು.

ಮನೆಯ ಹಿಂದೆ ಮಕ್ಕಳು ಬಚ್ಚಿಟ್ಟುಕೊಂಡು ಆಡುತ್ತಿದ್ದ ಗುಹೆಯೊಂದಿತ್ತು. ಅದು ಅಜ್ಜನವರ ಮೊದಲ ಸುರಂಗವೆಂಬುದು ಮೊಮ್ಮಗಳಿಗೆ ಈ ಪಿಕ್ಕಾಸಿನ ವಿಚಾರ ಕೇಳಿದಾಗಲೇ ತಿಳಿದದ್ದು. ಇಪ್ಪತ್ತೆರಡು ಕೋಲು ಹೋದ ಮೇಲೆ ಜೇಡಿ ಬಂತು, ಮಾಡಿನಿಂದ ಹೆಂಟೆಗಳು ಉದುರಿದವು. ಒಂದು ಬೇಸಗೆಯ ದುಡಿಮೆಯನ್ನೂ ಸಾಲದ ಹಣವನ್ನೂ ಅಲ್ಲಿಯೇ ಬಿಟ್ಟು ಅವರು ಹೊರಬಂದರು. ಮರುವರ್ಷ ತುಸು ಮೇಲೆ, ಬಿರುಬೇಸಗೆಯಲ್ಲಿಯೂ ಹಸುರಾಗಿದ್ದ ಮರಗಳ ಬುಡವನ್ನು ನೋಡಿ ಮತ್ತೆ ಕೊರೆದರು. ಕೊರೆದವರು ಅಜ್ಜ, ಮಣ್ಣನ್ನು ಬುಟ್ಟಿಯಲ್ಲಿ ಹೊತ್ತು ಹೊರಹಾಕಿದವರು ಅಜ್ಜಿ. ಮೂವತ್ತು ಕೋಲಿನಾಚೆ ಗೋಡೆ ಒದ್ದೆಯಾಯಿತು. ಮತ್ತೆ ನಾಲ್ಕು ಕೋಲಿಗೆ ನೀರು ಜಿನುಗಿತು. ಇಂದಿಗೂ ಮನೆಯವರು ಕುಡಿಯುವುದು ಆ ನೀರನ್ನೇ. ಸೋತ ಸುರಂಗದ ಮಾತನ್ನು ಅಜ್ಜನವರು ಅದುವರೆಗೆ ಯಾರಲ್ಲಿಯೂ ಆಡಿರಲಿಲ್ಲವಂತೆ.

ಮೂರನೆಯದು ಬಾಯಿ ಮೊಂಡಾದ, ಆದರೆ ತಿಕ್ಕಿ ಹೊಳೆಯಿಸಿದ ಒಂದು ಕಬ್ಬಿಣದ ಕತ್ತಿ. ಅದು ಕೊಯ್ಯುವುದಕ್ಕಲ್ಲ. ಮಳೆಗಾಲದಲ್ಲಿ ಅಡಿಕೆಗೆ ತಗಲುವ ಕೊಳೆರೋಗಕ್ಕೆ ಬೋರ್ಡೋ ಮದ್ದನ್ನು ಬಿಡುತ್ತಾರಷ್ಟೆ. ನೂರು ಲೀಟರು ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಸುಣ್ಣ ಹಳತಾಗಿದ್ದರೆ ಈ ಲೆಕ್ಕ ತಪ್ಪುತ್ತದೆ. ಆಗ ಕತ್ತಿಯನ್ನು ಮದ್ದಿನಲ್ಲಿ ಅದ್ದಿ ತುಸು ಹೊತ್ತು ಬಿಟ್ಟು ತೆಗೆಯಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು. ಹಾಗೆಯೇ ಬಿಟ್ಟರೆ ಎಳೆಯ ಕಾಯಿ ಸುಡುತ್ತದೆ. ಅಲಗು ಹೊಳೆಯುತ್ತಲೇ ಇರುವ ತನಕ ಸುಣ್ಣದ ನೀರನ್ನು ಕೂಡಿಸುತ್ತಿರಬೇಕು.

ಈಗ ಮದ್ದು ಕಲಸುವವನು ಅವಳ ತಮ್ಮ. ಕತ್ತಿಯನ್ನು ಅದ್ದಿ, ಬೆಳಕಿಗೆ ಹಿಡಿದು ನೋಡುವವರು ಮಾತ್ರ ಅಜ್ಜನವರೇ.