ಎರಡು ಶುಕ್ರವಾರಗಳ ನಡುವಿನ ಮಂಗಳವಾರ

2024ರ ಅಕ್ಟೋಬರ್ ಕೊನೆಯಲ್ಲಿ ಬಿಟ್‌ಕಾಯಿನ್ ವ್ಯಾಪಾರಿಗಳೆಲ್ಲರ ಕಣ್ಣು ನವೆಂಬರ್ 5ರ ಮಂಗಳವಾರದ ಮೇಲಿತ್ತು. ಅಂದು ಅಮೆರಿಕದ ಅಧ್ಯಕ್ಷೀಯ ಚುನಾವಣೆ. ಯಾರು ಗೆಲ್ಲುತ್ತಾರೆಂದು ಯಾರಿಗೂ ಖಚಿತವಿರಲಿಲ್ಲ. ಆದರೆ ಫಲಿತಾಂಶ ಬಂದಾಗ ಬೆಲೆ ಎಷ್ಟು ದೂರ ಜಿಗಿಯಬಹುದು ಅಥವಾ ಕುಸಿಯಬಹುದು ಎಂಬುದಕ್ಕೆ ಮಾರುಕಟ್ಟೆ ಆಗಲೇ ದರ ಕಟ್ಟಿತ್ತು. ಆ ದರವನ್ನು ಆಪ್ಷನ್ ಪ್ರೀಮಿಯಂನಲ್ಲಿ ಓದಬಹುದಿತ್ತು.

ಆಪ್ಷನ್ ಒಂದು ಬಗೆಯ ವಿಮೆ. ಬೆಲೆ ಏರಿದರೆ ಲಾಭ ಕೊಡುವುದು ಕಾಲ್, ಇಳಿದರೆ ಕೈಹಿಡಿಯುವುದು ಪುಟ್. ದೊಡ್ಡ ಏರಿಳಿತದ ನಿರೀಕ್ಷೆ ಇದ್ದಾಗ ಎರಡರ ಪ್ರೀಮಿಯಂ ಕೂಡ ಏರುತ್ತದೆ. ಇಂದಿನ ಪ್ರೀಮಿಯಂ ಸರಿ ಎನ್ನಿಸಬೇಕಾದರೆ ವರ್ಷಕ್ಕೆ ಶೇಕಡಾ ಎಷ್ಟು ಏರಿಳಿತ ಆಗಬೇಕು ಎಂದು ಹಿಂದುಮುಂದಾಗಿ ಲೆಕ್ಕ ಹಾಕಿದಾಗ ಸಿಗುವ ಸಂಖ್ಯೆಯೇ ಇಂಪ್ಲೈಡ್ ವೊಲಾಟಿಲಿಟಿ, ವ್ಯಾಪಾರಿಗಳ ಬಾಯಲ್ಲಿ ಐವಿ. ಷೇರುಪೇಟೆಯ ಇಂಡಿಯಾ ವಿಐಎಕ್ಸ್ ಹೇಗೋ, ಬಿಟ್‌ಕಾಯಿನ್ ಆಪ್ಷನ್‌ಗಳ ಪ್ರಮುಖ ವಿನಿಮಯ ಕೇಂದ್ರವಾದ ಡೆರಿಬಿಟ್‌ನಲ್ಲಿ ಮೂವತ್ತು ದಿನಗಳ ಡಿವಿಒಎಲ್ ಸೂಚ್ಯಂಕ ಹಾಗೆ.

ವರ್ಷದ ಸಂಖ್ಯೆಯನ್ನು ದಿನಕ್ಕೆ ಇಳಿಸಲು 19.1ರಿಂದ ಭಾಗಿಸಬೇಕು. ಇದು 365ರ ವರ್ಗಮೂಲ. ಕ್ರಿಪ್ಟೋಗೆ ಶನಿವಾರ, ಭಾನುವಾರಗಳ ರಜೆಯಿಲ್ಲ. ಐವಿ 57 ಇದ್ದರೆ ದಿನಕ್ಕೆ ಸುಮಾರು ಶೇ. 3. ಮೂರು ದಿನಗಳಲ್ಲಿ ಎರಡು ದಿನ ಬೆಲೆ ಈ ಮಿತಿಯೊಳಗೆ ಓಡಾಡುತ್ತದೆ, ಮೂರನೆಯ ದಿನ ಅದನ್ನು ದಾಟುತ್ತದೆ ಎಂಬುದು ಇದರ ಸ್ಥೂಲ ಅರ್ಥ.

ಚುನಾವಣೆಯಂಥ ಸಂದರ್ಭದಲ್ಲಿ ಮಾತ್ರ ಈ ಸರಾಸರಿ ದಾರಿ ತಪ್ಪಿಸುತ್ತದೆ. ಎರಡು ವಾರಗಳ ಏರಿಳಿತವೆಲ್ಲ ಒಂದೇ ದಿನಕ್ಕೆ ಬಂದು ಕೂತಿರಬಹುದು. ಆ ಒಂದು ದಿನವನ್ನು ಬೇರ್ಪಡಿಸಿ ತೆಗೆಯುವುದರಲ್ಲೇ ಈ ವಿದ್ಯೆಯ ನಿಜವಾದ ಸೊಗಸಿದೆ. ಲೆಕ್ಕಕ್ಕೆ ಅನುಕೂಲವಾಗುವಂತೆ ಐವಿಗಳನ್ನು ಊಹಿಸಿಕೊಳ್ಳೋಣ. ಇಂದು ಅಕ್ಟೋಬರ್ 25, ಶುಕ್ರವಾರ. ನವೆಂಬರ್ 1ಕ್ಕೆ ಮುಗಿಯುವ ಆಪ್ಷನ್‌ನ ಐವಿ 50, ನವೆಂಬರ್ 8ಕ್ಕೆ ಮುಗಿಯುವುದರದು 65. ಚುನಾವಣೆ ಎರಡನೆಯದರಲ್ಲಿ ಮಾತ್ರ ಅಡಗಿದೆ.

ಐವಿಗಳನ್ನು ನೇರವಾಗಿ ಕಳೆಯುವಂತಿಲ್ಲ. ವರ್ಗ ಮಾಡಿ ದಿನಗಳಿಂದ ಗುಣಿಸಬೇಕು. ಹದಿನಾಲ್ಕು ದಿನಗಳಿಗೆ 59,150, ಮೊದಲ ಏಳು ದಿನಗಳಿಗೆ 17,500. ವ್ಯತ್ಯಾಸವಾದ 41,650 ಎರಡನೆಯ ವಾರದ ಪಾಲು. ಆ ವಾರದ ಆರು ದಿನಗಳು ಮಾಮೂಲಿನಂತೆ 50ರ ಐವಿಯಲ್ಲೇ ಕಳೆಯುತ್ತವೆ ಎಂದುಕೊಂಡರೆ ಅವುಗಳಿಗೆ 15,000 ಹೋಗುತ್ತದೆ. ಉಳಿದ 26,650 ಒಂದೇ ದಿನದ ಪಾಲು. ಅದರ ವರ್ಗಮೂಲ 163, 19.1ರಿಂದ ಭಾಗಿಸಿದರೆ ಶೇ. 8.5. ಬಿಟ್‌ಕಾಯಿನ್ 68,000 ಡಾಲರ್ ಇದ್ದರೆ ಅಂದಿನ ನಿರೀಕ್ಷಿತ ಜಿಗಿತ ಎತ್ತಲಾದರೂ ಸುಮಾರು 5,800 ಡಾಲರ್.

ಎತ್ತ ಎನ್ನುವುದರ ಸುಳಿವಿಗೆ ಸ್ಕ್ಯೂ ನೋಡುತ್ತಾರೆ. ಒಂದೇ ದಿನಾಂಕಕ್ಕೆ ಮುಗಿಯುವ, ಇಂದಿನ ಬೆಲೆಯಿಂದ ಮೇಲಕ್ಕೂ ಕೆಳಕ್ಕೂ ಒಂದಷ್ಟು ದೂರವಿರುವ ಕಾಲ್ ಮತ್ತು ಪುಟ್ ಆರಿಸಿಕೊಳ್ಳುತ್ತಾರೆ. ರೂಢಿಯಲ್ಲಿ ಇವು 25 ಡೆಲ್ಟಾದವು, ಅಂದರೆ ಫಲ ಕೊಡುವ ಸಾಧ್ಯತೆ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದು ಇರುವಂಥವು. ಕಾಲ್‌ನ ಐವಿ 66, ಪುಟ್‌ನದು 61 ಇದ್ದರೆ ಜನ ಏರಿಕೆಗೆ ಹೆಚ್ಚು ದುಡ್ಡು ತೆರುತ್ತಿದ್ದಾರೆ ಎಂದಾಯಿತು. ಭಯ ಬಿದ್ದಾಗ ಇದು ತಿರುಗುಮುರುಗಾಗುತ್ತದೆ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಕುಸಿದಾಗ ಪುಟ್‌ಗಳೇ ದುಬಾರಿಯಾಗಿದ್ದವು.

ಸ್ಕ್ಯೂವನ್ನು ಭವಿಷ್ಯವಾಣಿಯೆಂದು ಓದುವವರು ಎಡವುತ್ತಾರೆ. ಕುಸಿತ ಆದ ಮೇಲೆ ಓಡಿಬಂದು ಪುಟ್ ಕೊಳ್ಳುವವರೂ ಅದನ್ನು ವಾಲಿಸುತ್ತಾರೆ. ಕೈಯಲ್ಲಿರುವ ನಾಣ್ಯದ ಮೇಲೆ ಒಂದಿಷ್ಟು ಪ್ರೀಮಿಯಂ ದುಡಿಯಲು ಕಾಲ್ ಮಾರುವವರೂ ವಾಲಿಸುತ್ತಾರೆ. ಬೆಲೆ ಇಳಿಯುತ್ತದೆಂಬ ನಂಬಿಕೆ ಅವರಿಗೆ ಇರಲೇಬೇಕೆಂದಿಲ್ಲ. ದೂರದ ಸ್ಟ್ರೈಕ್‌ಗಳಲ್ಲಿ ಕೊಳ್ಳುವ ದರಕ್ಕೂ ಮಾರುವ ದರಕ್ಕೂ ಅಂತರ ದೊಡ್ಡದಾಗಿದ್ದರೆ ಪರದೆಯ ಮೇಲಿನ ಐವಿಯನ್ನೇ ನೆಚ್ಚುವಂತಿಲ್ಲ. ಕೆಲವು ಕಡೆ ಕಾಲ್‌ನಿಂದ ಪುಟ್ ಕಳೆಯುತ್ತಾರೆ, ಕೆಲವು ಕಡೆ ಪುಟ್‌ನಿಂದ ಕಾಲ್. ಚಿಹ್ನೆ ನೋಡದೆ ಓದಿದವರಿಗೆ ದಿಕ್ಕೇ ಉಲ್ಟಾ ಆಗುತ್ತದೆ.

ಐವಿಯಲ್ಲೂ ಒಂದು ಅಡಚಣೆ ಇದೆ. ವಿಮೆ ಮಾರುವವನು ತನ್ನ ಅಪಾಯಕ್ಕೂ ಒಂದಿಷ್ಟು ಸೇರಿಸಿಕೊಂಡಿರುತ್ತಾನೆ. ಹಾಗಾಗಿ ಅದು ನಿಜವಾದ ಏರಿಳಿತಕ್ಕಿಂತ ದೊಡ್ಡದಾಗಿರುವುದೇ ಹೆಚ್ಚು. ಸುದ್ದಿ ಹೊರಬಿದ್ದೊಡನೆ ಆ ದಿನದ ಪಾಲು ಪ್ರೀಮಿಯಂನಿಂದ ಕಳಚಿಬೀಳುತ್ತದೆ. ದಿಕ್ಕು ಸರಿಯಾಗಿ ಊಹಿಸಿಯೂ ಜಿಗಿತ ಚಿಕ್ಕದಾಗಿ ನಷ್ಟವಾಗುವುದು ಹೀಗೆ.

ಆ ನವೆಂಬರ್‌ನಲ್ಲಿ ಜಿಗಿತ ಚಿಕ್ಕದಾಗಿರಲಿಲ್ಲ. 5ರಂದು 69,000 ಡಾಲರ್ ಆಸುಪಾಸಿನಲ್ಲಿದ್ದ ಬಿಟ್‌ಕಾಯಿನ್ 6ರಂದು 75,000 ದಾಟಿತು. ಡೆರಿಬಿಟ್‌ನ ಲೆಕ್ಕ ಚುಕ್ತಾ ಆಗುವುದು ನಮ್ಮ ಮಧ್ಯಾಹ್ನ ಒಂದೂವರೆಗೆ. 8ರ ಶುಕ್ರವಾರ ಆ ಹೊತ್ತಿಗೆ ಚುನಾವಣೆಯ ವಾರದ ಆಪ್ಷನ್‌ಗಳೆಲ್ಲ ಮುಗಿದುಹೋದವು. ಬೆಲೆ 90,000 ದಾಟಿದ್ದು ಅದರ ಮುಂದಿನ ವಾರ.