ನಾಲ್ಕರಲ್ಲಿ ಮೂರನ್ನು ತಳ್ಳುವ ವಿದ್ಯೆ

ಕಳೆದ ವರ್ಷ ನನ್ನ ಅಕ್ಕನ ಮಗಳು ಅಮೆಜಾನ್ ಸಂಸ್ಥೆಯವರು ನಡೆಸುವ ‘ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್’ ಪರೀಕ್ಷೆಗೆ ಕುಳಿತು ಅನುತ್ತೀರ್ಣಳಾಗಿ ಮನೆಗೆ ಬಂದಳು. ಸಾವಿರಕ್ಕೆ 720 ಅಂಕ ಬೇಕಾಗಿದ್ದಲ್ಲಿ ಅವಳಿಗೆ ದೊರೆತುದು ಏಳುನೂರಕ್ಕೂ ಕೊಂಚ ಕಡಿಮೆ. ಶುಲ್ಕವಾಗಿ ಕಟ್ಟಿದ 150 ಡಾಲರು ಹೋಯಿತು. ಮತ್ತೆ ಕುಳಿತುಕೊಳ್ಳಲು 14 ದಿನ ಕಾಯಬೇಕು, ಶುಲ್ಕವನ್ನೂ ಮತ್ತೆ ಕಟ್ಟಬೇಕು. ಕಚೇರಿಯಲ್ಲಿ ಬಡ್ತಿಯ ಮಾತು ಈ ಪ್ರಮಾಣಪತ್ರಕ್ಕಾಗಿಯೇ ನಿಂತಿತ್ತು.

“ಮಾವ, ನನಗೆ ತಿಳಿಯದ ವಿಷಯ ಅಲ್ಲಿ ಬಹಳವೇನೂ ಇರಲಿಲ್ಲ. ಆದರೆ ಪ್ರತಿಯೊಂದು ಪ್ರಶ್ನೆಯಲ್ಲಿಯೂ ಎರಡು ಉತ್ತರ ಸರಿಯೆಂದೇ ಕಾಣುತ್ತಿದ್ದುವು” ಎಂದಳು.

ಅವಳ ಮಾತಿನಲ್ಲಿಯೇ ರೋಗದ ಮೂಲವಿತ್ತು. ಈ ವೃತ್ತಿಯಲ್ಲಿಯೇ ಇರುವವನಾದುದರಿಂದ ಅವಳನ್ನು ಕೂರಿಸಿಕೊಂಡು ನೋಡಿದೆ. ಈ ಬಗೆಯ ಪರೀಕ್ಷೆಗೆ ಓದುತ್ತಿರುವವರು ಇಂದು ಅನೇಕ ಮನೆಗಳಲ್ಲಿರುವುದರಿಂದ, ಆ ಸಂಜೆ ನಾವು ಕಂಡುಕೊಂಡುದನ್ನು ಇಲ್ಲಿ ಹೇಳುತ್ತೇನೆ.

ಕ್ಲೌಡ್ ಎಂದರೆ ಪರರ ಭಾರಿ ಕಂಪ್ಯೂಟರ್ ಶಾಲೆಗಳಲ್ಲಿ ಸ್ಥಳವನ್ನೂ ಯಂತ್ರವನ್ನೂ ಬಾಡಿಗೆಗೆ ಪಡೆಯುವುದು. ಯಾವ ಕೆಲಸಕ್ಕೆ ಯಾವುದನ್ನು ಬಾಡಿಗೆಗೆ ಹಿಡಿಯಬೇಕೆಂದು ಹೇಳುವವನೇ ಆರ್ಕಿಟೆಕ್ಟ್. ಪರೀಕ್ಷೆಯಲ್ಲಿ 130 ನಿಮಿಷಗಳಿಗೆ 65 ಪ್ರಶ್ನೆಗಳು, ಅಂದರೆ ಪ್ರಶ್ನೆಗೆ ಎರಡು ನಿಮಿಷ. ಬಹುಪಾಲು ಪ್ರಶ್ನೆಗಳು ಒಂದು ಸಣ್ಣ ಕಥೆಯ ರೂಪದಲ್ಲಿರುತ್ತವೆ: ಒಂದು ಸಂಸ್ಥೆ, ಅದರ ಒಂದು ತೊಂದರೆ, ಕೊನೆಗೆ ನಾಲ್ಕು ಪರಿಹಾರಗಳು.

ಒಂದು ಮಾದರಿ

ಪರೀಕ್ಷೆಯ ಪ್ರಶ್ನೆಗಳನ್ನು ಹೊರಗೆ ಹೇಳಬಾರದೆಂಬ ಒಪ್ಪಂದವಿರುವುದರಿಂದ, ಅಂಥದೇ ಒಂದನ್ನು ನಾನೇ ರಚಿಸಿ ಅವಳ ಮುಂದಿಟ್ಟೆ.

‘ಒಂದು ವಿಮಾ ಸಂಸ್ಥೆಯು ತನ್ನ ಗ್ರಾಹಕರ ಕಾಗದಪತ್ರಗಳ ಚಿತ್ರಗಳನ್ನು ಎಸ್3 ಎಂಬ ಅಮೆಜಾನ್ ಉಗ್ರಾಣದಲ್ಲಿ ಇಡುತ್ತದೆ. ಮೊದಲ 30 ದಿನ ಅವುಗಳನ್ನು ಪದೇ ಪದೇ ತೆರೆಯುತ್ತಾರೆ. ಅನಂತರ ತಿಂಗಳಿಗೊಮ್ಮೆ ತೆರೆದರೆ ಹೆಚ್ಚು. ಆದರೆ ಕೇಳಿದ ಕ್ಷಣದಲ್ಲಿ ದೊರೆಯಬೇಕು. ಮೂಲ ಕಾಗದಗಳನ್ನು ನಾಶಮಾಡಿರುವುದರಿಂದ ಚಿತ್ರಗಳನ್ನು ಮತ್ತೆ ತಯಾರಿಸಲಾಗದು. 7 ವರ್ಷಗಳ ಅನಂತರ ಅಳಿಸಬೇಕು. ಅತ್ಯಂತ ಕಡಿಮೆ ವೆಚ್ಚದಲ್ಲಿ, ಅತ್ಯಂತ ಕಡಿಮೆ ನಿರ್ವಹಣೆಯ ಶ್ರಮದಲ್ಲಿ ಇದನ್ನು ನೆರವೇರಿಸುವ ಬಗೆ ಯಾವುದು?’

ಉತ್ತರಗಳು ಇವು. ಒಂದು: 30 ದಿನಗಳ ಮೇಲೆ ಗ್ಲೇಸಿಯರ್ ಡೀಪ್ ಆರ್ಕೈವ್ ಎಂಬ ದರ್ಜೆಗೆ ತಾನಾಗಿ ಸಾಗಿಸುವ ನಿಯಮವನ್ನು ಹಾಕುವುದು. ಎರಡು: ಅದೇ ಬಗೆಯ ನಿಯಮದಿಂದ ಒನ್ ಝೋನ್-ಐಎ ದರ್ಜೆಗೆ ಸಾಗಿಸುವುದು. ಮೂರು: ಅದೇ ಬಗೆಯ ನಿಯಮದಿಂದ ಸ್ಟ್ಯಾಂಡರ್ಡ್-ಐಎ ದರ್ಜೆಗೆ ಸಾಗಿಸುವುದು. ನಾಲ್ಕು: ಒಂದು ಯಂತ್ರವನ್ನು ಬಾಡಿಗೆಗೆ ಹಿಡಿದು, ಪ್ರತಿರಾತ್ರಿ ಹಳೆಯ ಚಿತ್ರಗಳನ್ನು ಸ್ಟ್ಯಾಂಡರ್ಡ್-ಐಎಗೆ ಸಾಗಿಸುವ ಕಾರ್ಯಕ್ರಮವನ್ನು ಬರೆಯುವುದು. ನಾಲ್ಕರಲ್ಲಿಯೂ 7 ವರ್ಷಗಳ ಮೇಲೆ ಅಳಿಸುವ ವ್ಯವಸ್ಥೆ ಇದೆ.

ಅವಳು ತಡಮಾಡದೆ ಮೊದಲನೆಯದನ್ನು ಆರಿಸಿದಳು. “ಅತ್ಯಂತ ಅಗ್ಗವಾದುದು ಅದೇ ಅಲ್ಲವೆ?” ಎಂದಳು. ಅಗ್ಗವೆಂಬುದು ನಿಜ, ಆದರೆ ಉತ್ತರ ತಪ್ಪು.

ಕಟ್ಟಳೆ ಬೇರೆ, ಬಯಕೆ ಬೇರೆ

ಇಂಥ ಪ್ರಶ್ನೆಯಲ್ಲಿ ಎರಡು ಬಗೆಯ ಮಾತುಗಳಿರುತ್ತವೆ. ‘ಕೇಳಿದ ಕ್ಷಣದಲ್ಲಿ ದೊರೆಯಬೇಕು’, ‘ಮತ್ತೆ ತಯಾರಿಸಲಾಗದು’, ‘7 ವರ್ಷಗಳ ಅನಂತರ ಅಳಿಸಬೇಕು’ ಎಂಬುವು ಕಟ್ಟಳೆಗಳು. ಇವುಗಳಲ್ಲಿ ಒಂದನ್ನು ಮೀರಿದರೂ ಆ ಉತ್ತರ ಎಷ್ಟೇ ಅಗ್ಗವಾಗಿರಲಿ, ಬಿದ್ದುಹೋಯಿತು. ‘ಅತ್ಯಂತ ಕಡಿಮೆ ವೆಚ್ಚ’, ‘ಅತ್ಯಂತ ಕಡಿಮೆ ಶ್ರಮ’ ಎಂಬುವು ಬಯಕೆಗಳು. ಕಟ್ಟಳೆಗಳನ್ನು ಪಾಲಿಸಿ ಉಳಿದವುಗಳ ನಡುವೆ ಆರಿಸುವುದಕ್ಕೆ ಮಾತ್ರ ಅವು ಬರುತ್ತವೆ. ನನ್ನ ಸೋದರ ಸೊಸೆಯು ಬಯಕೆಯನ್ನು ಮೊದಲು ಹಿಡಿದು ಕಟ್ಟಳೆಯನ್ನು ಮರೆತಿದ್ದಳು.

ಈಗ ಕ್ರಮವಾಗಿ ನೋಡೋಣ. ಡೀಪ್ ಆರ್ಕೈವ್‌ನಲ್ಲಿ ಇಟ್ಟುದನ್ನು ಹೊರತೆಗೆಯಲು ಸಾಮಾನ್ಯ ಕ್ರಮದಲ್ಲಿ 12 ಗಂಟೆಗಳವರೆಗೆ ಹಿಡಿಯುತ್ತದೆ. ‘ಕ್ಷಣದಲ್ಲಿ’ ಎಂಬ ಒಂದೇ ಮಾತಿಗೆ ಮೊದಲನೆಯ ಉತ್ತರ ಬಿತ್ತು. ಒನ್ ಝೋನ್-ಐಎ ಕ್ಷಣದಲ್ಲಿಯೇ ಒದಗಿಸುತ್ತದೆ, ಸ್ಟ್ಯಾಂಡರ್ಡ್-ಐಎಗಿಂತ ಅಗ್ಗವೂ ಹೌದು. ಆದರೆ ಅದು ಸರಕನ್ನು ಒಂದೇ ವಲಯದಲ್ಲಿ ಇಡುತ್ತದೆ. ಆ ವಲಯವೇ ನಾಶವಾದರೆ ಚಿತ್ರಗಳೂ ಹೋದುವು. ಮತ್ತೆ ತಯಾರಿಸಲಾಗದ ವಸ್ತುವಿಗೆ ಅದು ಸಲ್ಲದು. ಎರಡನೆಯದೂ ಬಿತ್ತು.

ಉಳಿದ ಎರಡೂ ಒಂದೇ ದರ್ಜೆಯನ್ನು ಬಳಸುತ್ತವೆ. ಎರಡೂ ಕಟ್ಟಳೆಗಳನ್ನು ಪಾಲಿಸುತ್ತವೆ. ‘ಎರಡೂ ಸರಿ’ ಎಂದು ಅವಳು ಪರೀಕ್ಷೆಯಲ್ಲಿ ದಿಕ್ಕುಗೆಟ್ಟುದು ಇಂಥ ಕಡೆಯಲ್ಲಿಯೇ. ಆಗ ಎರಡನ್ನೂ ಆದ್ಯಂತವಾಗಿ ಮತ್ತೆ ಓದಬೇಕಾದುದಿಲ್ಲ. ಅವು ಎಲ್ಲಿ ಭಿನ್ನವಾಗಿವೆಯೆಂಬುದನ್ನಷ್ಟೆ ಹುಡುಕಬೇಕು. ಇಲ್ಲಿ ಭೇದವಿರುವುದು ಸಾಗಿಸುವ ಕೆಲಸವನ್ನು ಯಾರು ಮಾಡುತ್ತಾರೆಂಬಲ್ಲಿ. ನಾಲ್ಕನೆಯದರಲ್ಲಿ ಯಂತ್ರಕ್ಕೆ ಬಾಡಿಗೆ ತೆರಬೇಕು, ಅದನ್ನು ಕಾಲಕಾಲಕ್ಕೆ ಸರಿಪಡಿಸಬೇಕು, ಕಾರ್ಯಕ್ರಮ ಕೆಟ್ಟರೆ ಯಾರಾದರೂ ಎದ್ದು ನೋಡಬೇಕು. ಮೂರನೆಯದರಲ್ಲಿ ನಿಯಮವನ್ನು ಒಮ್ಮೆ ಹಾಕಿದರೆ ಉಗ್ರಾಣವೇ ನೋಡಿಕೊಳ್ಳುತ್ತದೆ. ಬಯಕೆಯ ಮಾತು ಈಗ ತೀರ್ಪು ಕೊಟ್ಟಿತು: ಉತ್ತರ ಮೂರು.

ತಪ್ಪು ಉತ್ತರದ ಸ್ವಂತ ಮನೆ

ಇಲ್ಲಿ ತಿಳಿಯಬೇಕಾದ ಇನ್ನೊಂದು ಗುಟ್ಟಿದೆ. ಚೆನ್ನಾಗಿ ರಚಿಸಿದ ಪ್ರಶ್ನೆಯಲ್ಲಿ ತಪ್ಪು ಉತ್ತರಗಳು ಅರ್ಥವಿಲ್ಲದವುಗಳಲ್ಲ. ಬೇರೊಂದು ಪ್ರಶ್ನೆಗೆ ಅವೇ ಸರಿಯುತ್ತರಗಳು. ‘ಚಿತ್ರಗಳನ್ನು ಬೇಕಾದಾಗ ಮತ್ತೆ ತಯಾರಿಸಬಹುದು’ ಎಂದಿದ್ದರೆ ಒನ್ ಝೋನ್-ಐಎ ಗೆಲ್ಲುತ್ತಿತ್ತು. ‘ಒಂದು ದಿನ ಕಾಯಬಹುದು, ವರ್ಷಕ್ಕೊಮ್ಮೆ ಬೇಕಾದೀತು’ ಎಂದಿದ್ದರೆ ಡೀಪ್ ಆರ್ಕೈವ್ ಗೆಲ್ಲುತ್ತಿತ್ತು. ‘ವರ್ಷಕ್ಕೆ ಒಂದೆರಡು ಬಾರಿ ಮಾತ್ರ, ಆದರೆ ಕ್ಷಣದಲ್ಲಿ’ ಎಂದು ಹೇಳಿ, ಗ್ಲೇಸಿಯರ್ ಇನ್‌ಸ್ಟಂಟ್ ರಿಟ್ರೀವಲ್ ಎಂಬ ದರ್ಜೆಯನ್ನೂ ಉತ್ತರಗಳಲ್ಲಿ ಸೇರಿಸಿದ್ದರೆ ಅದೇ ಗೆಲ್ಲುತ್ತಿತ್ತು. ಅದರಲ್ಲಿ ಇಡುವ ಬಾಡಿಗೆ ಕಡಿಮೆ, ತೆಗೆಯುವ ಶುಲ್ಕ ಹೆಚ್ಚು.

ಆದುದರಿಂದ ಅಭ್ಯಾಸ ಮಾಡುವಾಗ ಸರಿಯುತ್ತರವನ್ನು ಗುರುತುಹಾಕಿ ಮುಂದೆ ಹೋಗಬಾರದು. ಉಳಿದ ಮೂರರಲ್ಲಿ ಪ್ರತಿಯೊಂದಕ್ಕೂ, ‘ಪ್ರಶ್ನೆಯ ಯಾವ ಮಾತು ಇದನ್ನು ಹೊಡೆದುಹಾಕಿತು? ಯಾವ ಮಾತು ಬದಲಾಗಿದ್ದರೆ ಇದು ಉಳಿಯುತ್ತಿತ್ತು?’ ಎಂದು ಬರೆಯಬೇಕು. ಹೊಡೆದುಹಾಕಿದ ಮಾತನ್ನು ಪ್ರಶ್ನೆಯಲ್ಲಿ ತೋರಿಸಲಾಗದಿದ್ದರೆ, ಇಲ್ಲದ ಕಟ್ಟಳೆಯನ್ನು ನಾವೇ ಕಲ್ಪಿಸಿಕೊಂಡಿದ್ದೇವೆಂದು ತಿಳಿಯಬೇಕು. ‘ನಮ್ಮ ಕಚೇರಿಯಲ್ಲಿ ಹೀಗೆ ಮಾಡುತ್ತೇವೆ’ ಎಂಬುದು ಅಂಥ ಕಲ್ಪನೆಗಳಲ್ಲಿ ಮುಖ್ಯವಾದುದು.

ಈ ವಿದ್ಯೆಗೂ ಮಿತಿಯಿದೆ. ಡೀಪ್ ಆರ್ಕೈವ್‌ಗೆ 12 ಗಂಟೆ ಬೇಕೆಂಬುದನ್ನೇ ತಿಳಿಯದವನು ಯಾವ ಉಪಾಯದಿಂದಲೂ ಅದನ್ನು ತಳ್ಳಲಾರ. ಆದರೂ ಉತ್ತರವನ್ನು ಖಾಲಿ ಬಿಡಬಾರದು: ಖಾಲಿ ಬಿಟ್ಟುದು ತಪ್ಪೆಂದೇ ಲೆಕ್ಕ, ತಪ್ಪಿಗೆ ಅಂಕ ಕಳೆಯುವುದಿಲ್ಲ. ಎರಡನ್ನು ತಳ್ಳಿದವನಿಗೆ ಊಹೆಯಲ್ಲಿಯೂ ಅರ್ಧದಷ್ಟು ಅವಕಾಶವಿದೆ.

ನಮ್ಮವರಿಗೆ ಉಪಯೋಗವಾಗುವ ಒಂದು ಮಾತು: ಈ ಪರೀಕ್ಷೆ ಕನ್ನಡದಲ್ಲಿ ಇಲ್ಲ. ಇಂಗ್ಲಿಷು ಮಾತೃಭಾಷೆಯಲ್ಲದವರು ಕೇಳಿಕೊಂಡರೆ 30 ನಿಮಿಷ ಹೆಚ್ಚು ಕಾಲ ಕೊಡುತ್ತಾರೆ. ಆದರೆ ಪರೀಕ್ಷೆಯ ದಿನವನ್ನು ಗೊತ್ತುಮಾಡಿಕೊಳ್ಳುವ ಮೊದಲೇ ಇದನ್ನು ಕೇಳಬೇಕು. ನನ್ನ ಸೋದರ ಸೊಸೆಗೆ ಮೊದಲ ಸಲ ಇದು ತಿಳಿದಿರಲಿಲ್ಲ.

ಎರಡನೆಯ ಸಲ ಅವಳು ಉತ್ತೀರ್ಣಳಾದಳು. ಹೊಸದಾಗಿ ಏನು ಓದಿದೆಯೆಂದು ಅಕ್ಕ ಕೇಳಿದಾಗ, “ಹೊಸದೇನೂ ಇಲ್ಲ ಅಮ್ಮ, ‘ಬೇಕು’ ಎಂಬ ಮಾತಿನ ಕೆಳಗೆ ಮೊದಲು ಗೆರೆ ಎಳೆದುಕೊಂಡೆ, ‘ಅಗ್ಗ’ ಎಂಬುದನ್ನು ಕೊನೆಗೆ ನೋಡಿದೆ” ಎಂದಳಂತೆ.