ಶೇಂಗಾ ದುಬಾರಿಯಾಯ್ತು, ಎಣ್ಣೆಗೆ ಎಷ್ಟು ಏರಿಸೋದು?

ಗಾಣದ ಎಣ್ಣೆ ಮಾಡಿ ನೇರ ಮಾರೋ ಗೆಳೆಯರು ಈಗ ಕೇಳ್ತಿರೋದು ಒಂದೇ: "ಬೀಜದ ರೇಟು ಏರಿದೆ, ನಾವು ಏರಿಸಿದ್ರೆ ಗಿರಾಕಿ ಉಳೀತಾರಾ?" ನಮ್ಮ ಗಾಣದ ಲೆಕ್ಕವನ್ನೇ ಇಲ್ಲಿ ಬಿಡಿಸಿಡ್ತೀನಿ.

ಮರದ ಗಾಣದಲ್ಲಿ ನಮಗೆ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಶೇಂಗಾ ಬೀಜ ಬೇಕು. ಬೀಜ ಕೆಜಿಗೆ 110 ರೂಪಾಯಿಯಿಂದ 130ಕ್ಕೆ ಹೋಯಿತು. ಅಂದರೆ ಲೀಟರಿಗೆ 50 ರೂಪಾಯಿ ಹೆಚ್ಚು. ಆದರೆ ಹಿಂಡಿಯನ್ನು ಮರೆಯಬೇಡಿ. ಲೀಟರಿಗೆ ಒಂದೂವರೆ ಕೆಜಿ ಹಿಂಡಿ ಉಳಿಯುತ್ತೆ, ಅದರ ರೇಟೂ 40ರಿಂದ 44 ಆಗಿದೆ. ಅಲ್ಲಿ 6 ರೂಪಾಯಿ ವಾಪಸ್ ಬಂತು. ನಿಜವಾದ ಹೊರೆ 44 ರೂಪಾಯಿ. ಹಾಗಾಗಿ 320 ಇದ್ದದ್ದನ್ನು 365 ಮಾಡಿದ್ವಿ.

ಬೀಜ ಶೇ 18ರಷ್ಟು ಏರಿತು ಅಂತ ಎಣ್ಣೆಗೂ ಶೇ 18 ಹಾಕಿದ್ರೆ 58 ರೂಪಾಯಿ ಆಗುತ್ತೆ. ಕೂಲಿ, ಕರೆಂಟು, ಬಾಟಲಿ ಏರದೇ ಇರುವಾಗ ಆ ಹೆಚ್ಚುವರಿ 14 ರೂಪಾಯಿಗೆ ಗಿರಾಕಿ ಮುಂದೆ ಇಡೋಕೆ ಕಾರಣ ಇರಲ್ಲ.

ಹಳೇ ಗಿರಾಕಿಗಳಿಗೆ ಹತ್ತು ದಿನ ಮೊದಲೇ ವಾಟ್ಸ್‌ಆ್ಯಪ್‌ನಲ್ಲಿ ಹೀಗೆ ಬರೆದೆ: "ಬೀಜದ ಬೆಲೆ ಕೆಜಿಗೆ 20 ರೂ. ಏರಿದೆ. ಒಂದನೇ ತಾರೀಖಿನಿಂದ ಎಣ್ಣೆ ಲೀಟರಿಗೆ 365 ರೂ. ಅಲ್ಲಿವರೆಗೆ ನೀವು ತಿಂಗಳಿಗೆ ಕೊಳ್ಳುವಷ್ಟು ಹಳೇ ಬೆಲೆಗೇ ಸಿಗುತ್ತೆ." ತಿಂಗಳ ಮಿತಿ ಹಾಕಿದ್ದು ಬೇಕಂತಲೇ. ಇಲ್ಲದಿದ್ರೆ ನಾಲ್ಕು ಮನೆಯವರೇ ಹಳೇ ಸ್ಟಾಕ್ ಪೂರ್ತಿ ಎತ್ತಿಕೊಂಡು ಹೋಗ್ತಾರೆ, ಮನೆಯಲ್ಲಿ ತಿಂಗಳುಗಟ್ಟಲೆ ಕೂತ ಎಣ್ಣೆ ಕಮಟು ಹಿಡಿದ್ರೆ ದೂರು ಬರೋದು ನಮಗೇ.

ಒಂದು ಕಾನೂನಿನ ಮಾತು. ಈಗಾಗಲೇ ಎಂಆರ್‌ಪಿ ಹಾಕಿದ ಬಾಟಲಿ ಮೇಲೆ ಹೆಚ್ಚಿನ ಬೆಲೆಯ ಸ್ಟಿಕ್ಕರ್ ಅಂಟಿಸುವಂತಿಲ್ಲ. 2011ರ ಪೊಟ್ಟಣ ಸಾಮಗ್ರಿ ನಿಯಮ ಒಪ್ಪೋದು ಬೆಲೆ ಇಳಿಸುವ ಸ್ಟಿಕ್ಕರನ್ನು ಮಾತ್ರ. ಹಳೇ ಬಾಟಲಿಗಳನ್ನು ಹೇಗೂ ಹಳೇ ಬೆಲೆಗೇ ಮಾರಬೇಕು. ಅದನ್ನು ಖಾಯಂ ಗಿರಾಕಿಗೆ ಕೊಟ್ಟರೆ ಅವರಿಗೂ ಖುಷಿ.

ಬೆಲೆ ಅಷ್ಟೇ ಇಟ್ಟು ಬಾಟಲಿಯನ್ನು 900 ಎಂಎಲ್ ಮಾಡೋಣ ಅನ್ನೋರಿದ್ದಾರೆ. ನಾನು ಒಪ್ಪಲ್ಲ. ತಿಂಗಳಿಗೆ ಎರಡು ಲೀಟರ್ ಬಳಸೋ ಗೃಹಿಣಿಗೆ ಎಣ್ಣೆ ಮೂರು ದಿನ ಮೊದಲೇ ಮುಗಿದಾಗ ಗೊತ್ತಾಗೇ ಆಗುತ್ತೆ.

ಗಿರಾಕಿ ಕಳಚಿಕೊಂಡ್ರಾ ಅಂತ ಒಟ್ಟು ಮಾರಾಟ ನೋಡಿದ್ರೆ ತಿಳಿಯಲ್ಲ, ಹೊಸಬರು ಬಂದು ಲೆಕ್ಕ ಮುಚ್ಚಿಬಿಡ್ತಾರೆ. ಒಬ್ಬೊಬ್ಬರ ಆರ್ಡರ್ ತಾರೀಖು ಬರೆದಿಡಿ. ತಿಂಗಳಿಗೊಮ್ಮೆ ಕೊಳ್ಳೋರು ಆರು ವಾರವಾದ್ರೂ ಸುದ್ದಿಯಿಲ್ಲ ಅಂದ್ರೆ ಫೋನ್ ಮಾಡಿ. "ಅಕ್ಕಾ, ಎಣ್ಣೆ ಮುಗೀತಾ?" ಅಷ್ಟೇ ಸಾಕು. ಕೆಲವರು ಐದು ಲೀಟರಿಂದ ಎರಡಕ್ಕೆ ಇಳೀತಾರೆ, ಒಗ್ಗರಣೆಗೆ ಮಾತ್ರ ನಮ್ಮದು, ಕರಿಯೋಕೆ ಅಂಗಡಿಯದ್ದು. ಅವರನ್ನು ಹೋದ ಗಿರಾಕಿ ಅಂತ ಎಣಿಸಬೇಡಿ.

ಮುಂಗಾರಿನ ಶೇಂಗಾ ಮಾರುಕಟ್ಟೆಗೆ ಬಂದು ಬೀಜ ಅಗ್ಗವಾದ್ರೆ ಇದೇ ಎರಡೂವರೆ ಕೆಜಿ ಲೆಕ್ಕ ಹಾಕಿ ಇಳಿಸಿ, ಅದೇ ಗುಂಪಿಗೆ ಮೆಸೇಜ್ ಕಳಿಸಿ. ಆಗ ಸ್ಟಿಕ್ಕರ್ ಅಂಟಿಸೋಕೂ ಅಡ್ಡಿಯಿಲ್ಲ.